ಅಜ್ಜಿಯ ಬೀಸುವ ಪದ: ಪುಸ್ತಕದ್ದು ಸರಿಯೋ, ಅಜ್ಜಿಯದ್ದು ಸರಿಯೋ?

ಪ್ರಶ್ನೆ: ನಮ್ಮ ಅಜ್ಜಿಗೆ 84 ವರ್ಷ. ಊರು ಶಿರಾ ಕಡೆ. ಅವರು ಹಾಡುವ ರಾಗಿ ಬೀಸುವ ಪದಗಳನ್ನ ಫೋನಿನಲ್ಲಿ 40 ನಿಮಿಷ ರೆಕಾರ್ಡ್ ಮಾಡಿದ್ದೇನೆ. ಬರೆಯೋಕೆ ಕೂತರೆ ಗೊಂದಲ. ‘ಕಲ್ಲವ್ವ ಮಾತಾಯಿ’ ಪುಸ್ತಕದಲ್ಲಿ ಮೂರು ಸಾಲು ಇದೆ, ಅಜ್ಜಿ ಒಂದು ಸಾಲನ್ನ ಎರಡು ಸಲ ಹಾಡ್ತಾರೆ. ಪುಸ್ತಕದಲ್ಲಿ ‘ಬೆಳಗೇನು’ ಅಂತಿದೆ, ಅಜ್ಜಿ ‘ಬೆಳಗೇವು’ ಅಂತಾರೆ. ನಡುವೆ ಜೋಗುಳದ ಪದಾನೂ ಅದೇ ರಾಗದಲ್ಲಿ ಬಂದಿದೆ. ಯಾವುದು ಸರಿ? ಹೇಗೆ ಬರೆದಿಡಬೇಕು?

ಉತ್ತರ: ಮೊದಲಿಗೆ ಒಂದು ಮಾತು. ಪುಸ್ತಕ ನೋಡಿ ಅಜ್ಜಿಯ ಪದ ತಿದ್ದಬೇಡಿ. ನೀವು ತಪ್ಪು ಅಂದುಕೊಂಡ ಮೂರು ಜಾಗದಲ್ಲೂ ಅಜ್ಜಿ ಹಾಡಿದ್ದು ಸರಿಯಾಗಿಯೇ ಇದೆ. ಪುಸ್ತಕದ್ದೂ ಸುಳ್ಳಲ್ಲ. ಅದು ಇನ್ನೊಬ್ಬ ಹೆಂಗಸು, ಇನ್ನೊಂದು ದಿನ, ಕಲ್ಲಿನಿಂದ ದೂರ ಕೂತು ಹೇಳಿದ ಪದ ಇರಬಹುದು. ವ್ಯತ್ಯಾಸ ಎಲ್ಲಿಂದ ಬಂತು ಅನ್ನೋದನ್ನ ಆ ಒಂದೇ ಪದ ಹಿಡಿದು ನೋಡೋಣ. ಅಚ್ಚಿನಲ್ಲಿ ಅದು ಸಾಮಾನ್ಯವಾಗಿ ಹೀಗಿರುತ್ತದೆ:

ಕಲ್ಲವ್ವ ಮಾತಾಯಿ ಮೆಲ್ಲವ್ವ ರಾಗೀಯ
ಜಲ್ಲ ಜಲ್ಲನೆ ಉದುರವ್ವ ನಾ ನಿನಗೆ
ಬೆಲ್ಲದಾರತಿಯ ಬೆಳಗೇನು

ಇದು ತ್ರಿಪದಿ. ಕನ್ನಡದಲ್ಲಿ ಇದಕ್ಕೆ ತುಂಬಾ ವಯಸ್ಸಾಗಿದೆ. ಬಾದಾಮಿಯಲ್ಲಿ ಸುಮಾರು ಕ್ರಿ.ಶ. 700ರ ಕಪ್ಪೆ ಅರಭಟ್ಟನ ಶಾಸನ ಇದೆಯಲ್ಲ, ಅದರಲ್ಲಿ ತ್ರಿಪದಿಗಳಿವೆ. ಮೊದಲ ಸಾಲಿನಲ್ಲಿ ನಾಲ್ಕು ತುಂಡು, ಎರಡನೆಯದರಲ್ಲಿ ನಾಲ್ಕು, ಮೂರನೆಯದರಲ್ಲಿ ಮೂರು. ಈ ತುಂಡಿಗೆ ಪಂಡಿತರು ಗಣ ಅನ್ನುತ್ತಾರೆ. ಒಟ್ಟು ಹನ್ನೊಂದು. ಅದರಲ್ಲಿ ಆರನೆಯದು ಮತ್ತು ಹತ್ತನೆಯದು ಮಾತ್ರ ಗಿಡ್ಡ, ಉಳಿದವು ಉದ್ದ. ನಮ್ಮ ಪದವನ್ನು ಒಡೆದು ನೋಡಿ. ಕಲ್ಲವ್ವ, ಮಾತಾಯಿ, ಮೆಲ್ಲವ್ವ, ರಾಗೀಯ. ನಾಲ್ಕಾಯಿತು. ಜಲ್ಲಜ, ಲ್ಲನೆ, ಉದುರವ್ವ, ನಾ ನಿನಗೆ. ಎಂಟಾಯಿತು. ಬೆಲ್ಲದಾ, ರತಿಯ, ಬೆಳಗೇನು. ಹನ್ನೊಂದು. ಆರನೆಯದು ‘ಲ್ಲನೆ’, ಹತ್ತನೆಯದು ‘ರತಿಯ’. ಎರಡೂ ಗಿಡ್ಡ. ಓದು ಬರಹ ಗೊತ್ತಿಲ್ಲದ ಹೆಂಗಸರೂ ಈ ಲೆಕ್ಕವನ್ನು ಸಾಮಾನ್ಯವಾಗಿ ತಪ್ಪಿಸುವುದಿಲ್ಲ. ಲೆಕ್ಕ ಅವರ ತೋಳಿನಲ್ಲಿರುತ್ತದೆ.

ಒಂದು ಎಚ್ಚರಿಕೆ. ಶಾಲೆಯಲ್ಲಿ ಕಲಿತ ಮಾತ್ರೆ ಎಣಿಕೆಯನ್ನು ಇಲ್ಲಿಗೆ ತರಬೇಡಿ. ‘ಲ್ಲನೆ’ಯನ್ನು ಕಾಗದದ ಮೇಲೆ ಎಣಿಸಿದರೆ ಎರಡೇ ಮಾತ್ರೆ ಸಿಗುತ್ತದೆ, ಕಮ್ಮಿ ಬಿತ್ತು ಅನಿಸುತ್ತದೆ. ಹಾಡುವಾಗ ಅದು ‘ಲ್ಲನೇ’ ಅಂತ ಎಳೆದು ತುಂಬುತ್ತದೆ. ತ್ರಿಪದಿ ಅಂಶಗಣದ ಮಟ್ಟು, ಅಂದರೆ ಎಳೆಯೋದಕ್ಕೂ ಮೊಟಕು ಮಾಡೋದಕ್ಕೂ ಅದರಲ್ಲಿ ಜಾಗ ಇದೆ. ‘ರಾಗೀಯ’ದಲ್ಲಿ ಗೀ ದೀರ್ಘ ಆಗಿರುವುದೂ ಇದಕ್ಕೇ. ಅದನ್ನು ‘ರಾಗಿಯ’ ಅಂತ ತಿದ್ದಿದರೆ ವ್ಯಾಕರಣ ಉಳಿಯುತ್ತದೆ, ಹಾಡು ಕುಂಟುತ್ತದೆ.

ಈಗ ನಿಮ್ಮ ಅಜ್ಜಿ ಎರಡು ಸಲ ಹಾಡುವ ಸಾಲಿಗೆ ಬರೋಣ. ರೆಕಾರ್ಡಿಂಗ್ ಇನ್ನೊಮ್ಮೆ ಕೇಳಿ. ಬಹುಶಃ ನಿಮಗೆ ಕೇಳಿಸುವುದು ಇದು:

ಕಲ್ಲವ್ವ ಮಾತಾಯಿ ಮೆಲ್ಲವ್ವ ರಾಗೀಯ
ಜಲ್ಲ ಜಲ್ಲನೆ ಉದುರವ್ವ
ಜಲ್ಲ ಜಲ್ಲನೆ ಉದುರವ್ವ ನಾ ನಿನಗೆ
ಬೆಲ್ಲದಾರತಿಯ ಬೆಳಗೇವು

ಎರಡನೇ ಸಾಲಿನ ಮೂರು ತುಂಡು ಹಾಡಿ ನಿಲ್ಲುತ್ತಾರೆ. ಮತ್ತೆ ಅದನ್ನೇ ಎತ್ತಿಕೊಂಡು ನಾಲ್ಕನೆಯ ತುಂಡು ಸೇರಿಸುತ್ತಾರೆ. ಹೀಗೆ ಮೂರು ಸಾಲಿನ ಪದ ಬಾಯಲ್ಲಿ ನಾಲ್ಕು ಸಾಲಾಗುತ್ತದೆ. ಮರೆತು ಎರಡು ಸಲ ಅಂದದ್ದಲ್ಲ, ತ್ರಿಪದಿ ಹಾಡುವ ಕ್ರಮವೇ ಇದು.

ಈ ಮರುಕಳಿಕೆ ಯಾಕೆ ಬೇಕು ಅನ್ನೋದು ಕಲ್ಲಿನ ಮುಂದೆ ಕೂತರೆ ಗೊತ್ತಾಗುತ್ತದೆ. ಮೇಲಿನ ಕಲ್ಲಿನ ನಡುವೆ ಒಂದು ತೂತು ಇರುತ್ತದೆ, ಅದಕ್ಕೆ ಬಾಯಿ ಅನ್ನುತ್ತಾರೆ. ಬಲಗೈ ಗೂಟ ಹಿಡಿದು ತಿರುಗಿಸುತ್ತಿರುತ್ತದೆ. ಎಡಗೈ ಆಗಾಗ ಒಂದೊಂದು ಹಿಡಿ ರಾಗಿ ತೆಗೆದು ಆ ಬಾಯಿಗೆ ಹಾಕಬೇಕು. ಹಾಕಿದ ಕೂಡಲೇ ಕಲ್ಲು ಭಾರ ಆಗುತ್ತದೆ, ಉಸಿರು ಬೇಕಾಗುತ್ತದೆ. ಇಬ್ಬರು ಎದುರು ಬದುರು ಕೂತಿದ್ದರೆ ಒಬ್ಬಳು ಸೊಲ್ಲು ಎತ್ತುತ್ತಾಳೆ, ಇನ್ನೊಬ್ಬಳು ದನಿಗೂಡಿಸುತ್ತಾಳೆ. ಸೊಲ್ಲೆತ್ತಿದವಳು ನಿಂತ ಜಾಗದಲ್ಲೇ ಎರಡನೆಯವಳು ಒಳಗೆ ಬರುವುದು. ಇನ್ನೂ ಒಂದು ಕೆಲಸ ಇದೆ. ಆ ಸಾಲು ಎರಡನೇ ಸಲ ಬರುವಷ್ಟರಲ್ಲಿ ಹಾಡುವವಳ ಮನಸ್ಸು ಕೊನೆಯ ಸಾಲನ್ನು ಹುಡುಕಿಕೊಳ್ಳುತ್ತದೆ. ಕಲ್ಲ, ಮೆಲ್ಲ, ಜಲ್ಲ ಆದ ಮೇಲೆ ಮೂರನೆಯ ಸಾಲಿನ ಶುರುವಿನಲ್ಲೂ ‘ಲ್ಲ’ ಬರಲೇಬೇಕು. ಬೆಲ್ಲ ಬರುತ್ತದೆ. ಪ್ರಾಸ ಇಲ್ಲಿ ನೆನಪಿನ ಹಗ್ಗ. ಅಜ್ಜಿ ಯಾವುದಾದರೂ ಪದದ ನಡುವೆ ತಡವರಿಸಿದರೆ ‘ಆಮೇಲೇನು’ ಅಂತ ಕೇಳಬೇಡಿ. ಮೊದಲ ಸಾಲನ್ನು ನೀವೇ ಮೆಲ್ಲಗೆ ಹಾಡಿ, ಸುಮ್ನೆ ಕಾಯಿರಿ. ಪ್ರಾಸ ಅವರನ್ನು ಎಳೆದುಕೊಂಡು ಹೋಗುತ್ತದೆ.

ಹಾಗಾದರೆ ಪುಸ್ತಕದಲ್ಲಿ ಆ ಸಾಲು ಎಲ್ಲಿ ಹೋಯಿತು? ಕನ್ನಡದಲ್ಲಿ ಇಂಥ ಪದಗಳಿಗೆ ದೊಡ್ಡ ಹೆಸರು ಬಂದದ್ದು 1931ರಲ್ಲಿ ಹೊರಬಂದ ‘ಗರತಿಯ ಹಾಡು’ ಸಂಕಲನದಿಂದ. ಈಗಿನ ವಿಜಯಪುರ ಜಿಲ್ಲೆಯ ಹಲಸಂಗಿ ಊರಿನ ಗೆಳೆಯರು, ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತು ಅವರ ಜೊತೆಯವರು, ತಮ್ಮ ಸುತ್ತಿನ ಹೆಂಗಸರ ಬಾಯಿಂದ ಸಂಗ್ರಹಿಸಿದ ಪದಗಳು ಅವು. ಆಗ ಹಳ್ಳಿಯಲ್ಲಿ ಪದ ಬರೆದುಕೊಳ್ಳುವವರ ಕೈಲಿ ಇದ್ದದ್ದು ಕಾಗದ ಮತ್ತು ಲೇಖನಿ. ಹಾಡಿನ ವೇಗಕ್ಕೆ ಕೈ ಓಡುವುದಿಲ್ಲ. ‘ತಾಯಿ, ಸ್ವಲ್ಪ ನಿಧಾನಕ್ಕೆ ಹೇಳಿ’ ಅನ್ನಲೇಬೇಕು. ಹಾಡುವವಳು ಹಾಡು ನಿಲ್ಲಿಸಿ ಹೇಳಲು ಶುರು ಮಾಡಿದ ಕ್ಷಣವೇ ಮರುಕಳಿಕೆ ಬಿದ್ದುಹೋಗುತ್ತದೆ, ಎಳೆದ ದೀರ್ಘ ಗಿಡ್ಡ ಆಗುತ್ತದೆ, ‘ಯವ್ವಾ’, ‘ಕೋಲೆ’ ಥರದ ಸೇರ್ಪಡೆ ಉದುರುತ್ತದೆ. ಉಳಿಯುವುದು ಮೂರು ಸಾಲು. ಅದನ್ನೇ ಅಚ್ಚು ಹಾಕಿದರು, ನಾವೆಲ್ಲ ಅದನ್ನೇ ಪದ ಅಂದುಕೊಂಡೆವು. ಅವರ ಕಾಲದಲ್ಲಿ ಅದಕ್ಕಿಂತ ಹೆಚ್ಚು ಮಾಡಲು ದಾರಿ ಇರಲಿಲ್ಲ. ಅವರು ಬರೆದಿಡದಿದ್ದರೆ ಎಷ್ಟೋ ಪದ ಇವತ್ತು ನಮಗೆ ಸಿಗುತ್ತಲೇ ಇರಲಿಲ್ಲ. ಆದರೆ ನಿಮ್ಮ ಕೈಲಿ ಫೋನ್ ಇದೆ. ನೀವು ಮೂರು ಸಾಲಿಗೆ ಇಳಿಸುವ ಅಗತ್ಯ ಇಲ್ಲ.

‘ಬೆಳಗೇನು’, ‘ಬೆಳಗೇವು’ ಬಗ್ಗೆ ಕೇಳಿದಿರಿ. ಇದು ನನಗೆ ತುಂಬಾ ಇಷ್ಟವಾದ ಪ್ರಶ್ನೆ. ಬೆಳಗೇನು ಅಂದರೆ ನಾನು ಬೆಳಗುತ್ತೇನೆ. ಬೆಳಗೇವು ಅಂದರೆ ನಾವು ಬೆಳಗುತ್ತೇವೆ. ಆದರೆ ನಿಮ್ಮ ಅಜ್ಜಿ ಅದಕ್ಕೆ ಮುಂಚೆ ‘ನಾ ನಿನಗೆ’ ಅಂತಲೇ ಹಾಡುತ್ತಾರೆ, ಅಲ್ವಾ? ಒಬ್ಬಳು ಶುರು ಮಾಡಿದ ಸಾಲನ್ನು ಇಬ್ಬರು ಮುಗಿಸಿದ ಹಾಗಿದೆ. ಅಜ್ಜಿ ಈ ಪದ ಕಲಿತಾಗ ಕಲ್ಲಿನ ಮುಂದೆ ಎಷ್ಟು ಜನ ಇದ್ದರು ಅಂತ ಕೇಳಿ. ಅತ್ತಿಗೆಯ ಜೊತೆ, ಓರಗಿತ್ತಿಯ ಜೊತೆ ಬೀಸುತ್ತಿದ್ದೆ ಅಂದರೆ ಆ ಒಂದು ‘ವು’ ಅಕ್ಷರದಲ್ಲಿ ಇನ್ನೊಬ್ಬ ಹೆಂಗಸು ಕೂತಿದ್ದಾಳೆ ಅಂತ ಅರ್ಥ. ಇಲ್ಲ, ಒಬ್ಬಳೇ ಬೀಸುತ್ತಿದ್ದೆ ಅಂದರೆ ಅದು ನಿಮ್ಮ ಊರಿನ ಆಡುಮಾತಿನ ರೂಪ ಇರಬಹುದು. ಆಗ ಬೇರೆ ಪದಗಳ ಕೊನೆಯಲ್ಲೂ ‘ಏವು’ ಬರುತ್ತದಾ ಅಂತ ನೋಡಿ. ಎಲ್ಲ ಕಡೆ ಬಂದರೆ ಊರಿನ ಮಾತು. ಇದೊಂದರಲ್ಲೇ ಬಂದರೆ ಅದು ಇಬ್ಬರು ಕೂತು ಬೀಸಿದಾಗಿನ ಪದ ಇರಬಹುದು. ಸಂಗ್ರಹಕಾರರ ಕೆಲಸ ಅಂದರೆ ಬಹುಪಾಲು ಇದೇ. ಒಂದು ಅಕ್ಷರ ಬೇರೆ ಬಂತು ಅಂದರೆ ತಿದ್ದದೆ ಅದರ ಹಿಂದೆ ಹೋಗುವುದು.

ಇದೇ ಪದದಲ್ಲಿ ಇನ್ನೊಂದು ಕಡೆ ಜನ ಎಡವುತ್ತಾರೆ. ‘ಮೆಲ್ಲವ್ವ ರಾಗೀಯ’ ಅನ್ನೋದನ್ನ ‘ಮೆಲ್ಲನೆ ರಾಗೀಯ’ ಅಂತ ಕೇಳಿಸಿಕೊಂಡು ಬರೆದುಬಿಡುತ್ತಾರೆ. ಮೆಲ್ಲಗೆ ಬೀಸು ಅನ್ನೋ ಅರ್ಥ ಹೊಂದುತ್ತದಲ್ಲ ಅಂತ. ಹಾಗಲ್ಲ. ಮೆಲ್ಲು ಅಂದರೆ ಅಗಿದು ತಿನ್ನು. ಕಲ್ಲಿಗೆ ಬಾಯಿ ಇದೆ, ಬಾಯಿಗೆ ರಾಗಿ ಹಾಕಿದ್ದೇನೆ, ಮೆಲ್ಲವ್ವ. ಮೆದ್ದು ಜಲ್ಲ ಜಲ್ಲ ಅಂತ ಹಿಟ್ಟು ಉದುರಿಸವ್ವ. ಬಾಯಿ ಅನ್ನೋ ಹೆಸರು ಗೊತ್ತಿಲ್ಲದವರಿಗೆ ಈ ಪದದ ಅರ್ಧ ಸೊಗಸು ಹೋಗಿಬಿಡುತ್ತದೆ. ಅದಕ್ಕೇ ಪದದ ಜೊತೆ ಕಲ್ಲಿನ ಒಂದೊಂದು ಭಾಗಕ್ಕೂ ಅಜ್ಜಿ ಏನು ಹೆಸರು ಹೇಳುತ್ತಾರೆ ಅಂತ ಬರೆದುಕೊಳ್ಳಿ. ಮೇಲಿನ ಕಲ್ಲು, ಕೆಳಗಿನ ಕಲ್ಲು, ನಡುವಿನ ಗೂಟ, ಕೈಗೂಟ, ಹಿಟ್ಟು ಬೀಳುವ ಜಾಗ, ಎಲ್ಲದಕ್ಕೂ ಊರೂರಿಗೆ ಬೇರೆ ಬೇರೆ ಹೆಸರಿದೆ. ನಾನು ಇಲ್ಲಿ ಹೇಳಿದ ಹೆಸರೇ ನಿಮ್ಮಲ್ಲೂ ಇರಬೇಕು ಅಂತಿಲ್ಲ.

ಜೋಗುಳಕ್ಕೆ ಬರೋಣ. ಅದನ್ನು ಬೇರೆ ಕಡತಕ್ಕೆ ಹಾಕಬೇಡಿ. ಬೀಸುವ ಪದ ಒಂದು ಜಾತಿ, ತೊಟ್ಟಿಲ ಪದ ಇನ್ನೊಂದು ಜಾತಿ ಅನ್ನೋ ವಿಂಗಡಣೆ ಓದುವವರ ಅನುಕೂಲಕ್ಕೆ ಆಗಿದ್ದು. ಹಾಡುವವರಿಗೆ ಅವೆರಡೂ ಒಂದೇ ತ್ರಿಪದಿಯ ಗಂಟಿನಿಂದ ಬರುತ್ತವೆ. ಬಹಳ ಕಡೆ ಕೇಳಿಬರುವ ಈ ಪದ ನೋಡಿ:

ಕೂಸು ಇದ್ದ ಮನೆಗೆ ಬೀಸಣಿಕೆ ಯಾತಕ
ಕೂಸು ಕಂದಯ್ಯ ಒಳಹೊರಗ ಆಡಿದರ
ಬೀಸಣಿಕೆ ಗಾಳಿ ಸುಳಿದಾವ

ಅಚ್ಚಿನ ಸಂಕಲನಗಳಲ್ಲಿ ಇದು ಕೂಸಿನ ಪದಗಳ ಜೊತೆ ಇರುತ್ತದೆ. ಸರಿಯೇ. ಆದರೆ ಇದನ್ನು ನಾನು ಮೊದಲು ಕೇಳಿದ್ದು ತೊಟ್ಟಿಲ ಹತ್ತಿರ ಅಲ್ಲ, ಕಲ್ಲಿನ ಹತ್ತಿರ. ಆಗ ಥಟ್ಟನೆ ಹೊಳೆಯಿತು. ಬೀಸು ಅನ್ನೋ ಮಾತು ಕನ್ನಡದಲ್ಲಿ ಎರಡು ಕೆಲಸಕ್ಕೆ ಇದೆ. ಹಿಟ್ಟು ಬೀಸುವುದು, ಗಾಳಿ ಬೀಸುವುದು. ನಸುಕಿನಲ್ಲಿ ಎದ್ದು ಬೀಸುತ್ತ ಬೆವರು ಇಳಿಯುತ್ತಿರುವ ಹೆಂಗಸು, ಪಕ್ಕದಲ್ಲಿ ಎದ್ದು ಓಡಾಡುತ್ತಿರುವ ಕೂಸು. ಅದು ಒಳಗೆ ಹೊರಗೆ ಆಡಿದರೆ ನನಗೆ ಬೀಸಣಿಗೆ ಗಾಳಿ ಬಂದ ಹಾಗೆ ಅಂತ ಅವಳು ಹಾಡುತ್ತಾಳೆ. ಬೀಸುವವಳ ಬಾಯಲ್ಲಿ ಬೀಸಣಿಗೆ. ಇದು ನನ್ನ ಓದು, ಇದೇ ಕೊನೆಯ ಮಾತು ಅಂತ ಹೇಳುವುದಿಲ್ಲ. ಆದರೆ ಕಲ್ಲಿನಿಂದ ಎತ್ತಿ ತೊಟ್ಟಿಲ ಅಧ್ಯಾಯಕ್ಕೆ ಹಾಕಿದ ಪದದಲ್ಲಿ ಈ ಓದಿಗೆ ದಾರಿಯೇ ಇರುವುದಿಲ್ಲ.

ಕೂಸನ್ನು ತೊಡೆಯ ಮೇಲೆ ಹಾಕಿಕೊಂಡೇ ಬೀಸಿದವರು ಎಷ್ಟೋ ಜನ. ಅದು ಅತ್ತರೆ ಅದೇ ಮಟ್ಟಿನಲ್ಲಿ ಜೋಗುಳದ ಒಂದೆರಡು ಪದ ಬರುತ್ತದೆ, ಮಲಗಿದರೆ ಮತ್ತೆ ತವರಿನ ಪದಕ್ಕೆ ಹೋಗುತ್ತಾರೆ. ಹಾಗಾಗಿ ನಿಮ್ಮ ರೆಕಾರ್ಡಿಂಗಿನಲ್ಲಿ ಜೋಗುಳ ಎಷ್ಟನೇ ನಿಮಿಷದಲ್ಲಿ ಬಂತು, ಅದಕ್ಕೆ ಮುಂಚಿನ ಪದ ಯಾವುದು, ಆಮೇಲಿನದು ಯಾವುದು ಅಂತ ಬರೆದಿಡಿ. ತೊಟ್ಟಿಲು ತೂಗುತ್ತಾ ಹಾಡುವಾಗ ಅದೇ ಪದ ನಿಧಾನ ಆಗುತ್ತದೆ, ‘ಜೋ ಜೋ’ ಸೇರುತ್ತದೆ. ಅಜ್ಜಿ ಒಪ್ಪಿದರೆ ಒಂದೇ ಪದವನ್ನು ಎರಡೂ ಥರ ಹಾಡಿಸಿ. ಮಾತು ಒಂದೇ ಇದ್ದು ಕೈಯ ಕೆಲಸ ಬದಲಾದರೆ ಹಾಡು ಏನಾಗುತ್ತದೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ಸಿಗದು.

ಕುಟ್ಟುವ ಪದ, ನಾಟಿ ಪದ, ಕಳೆ ತೆಗೆಯುವ ಪದಗಳ ದಾರಿ ಸ್ವಲ್ಪ ಬೇರೆ. ಒನಕೆ ಏಟು ಬಿದ್ದ ಕಡೆ ಉಸಿರು ಹೊರಗೆ ಹೋಗುತ್ತದೆ, ಅದಕ್ಕೆ ‘ಸುವ್ವಿ’ಯಂಥ ಪಲ್ಲವಿ ಬೇಕು. ಗದ್ದೆಯಲ್ಲಿ ಸಾಲಾಗಿ ಬಗ್ಗಿದ ಇಪ್ಪತ್ತು ಜನ ಒಟ್ಟಿಗೆ ಹಾಡಬೇಕಾದ್ದರಿಂದ ಪಲ್ಲವಿ ಜಾಸ್ತಿ, ಒಬ್ಬೊಬ್ಬರ ಮಾತು ಕಮ್ಮಿ. ಬೀಸುವ ಪದದಲ್ಲಿ ಇರುವಷ್ಟು ಒಳಮಾತು ಅಲ್ಲಿ ಸಿಗುವುದಿಲ್ಲ. ಕೆಲಸದ ಹಾಡಿನ ಈ ನಂಟು ಹೊಸದೇನಲ್ಲ. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ಮಹಾರಾಷ್ಟ್ರದ ಹೆಂಗಸರು ಕುಟ್ಟುವಾಗ ಓವಿ ಅನ್ನೋ ಹಾಡು ಹಾಡುತ್ತಾರೆ ಅಂತ ಬರೆದಿದ್ದಾನೆ.

ಈಗ ನಿಮ್ಮ 40 ನಿಮಿಷದ ಬಗ್ಗೆ ಒಂದು ಕೇಳಲೇಬೇಕು. ಅಜ್ಜಿ ಹಾಡುವಾಗ ಮುಂದೆ ಕಲ್ಲಿತ್ತಾ? ಇರಲಿಲ್ಲ ಅಂದರೆ ಇನ್ನೊಂದು ಸಲ ಹಾಡಿಸಿ. ಇದನ್ನು ನಾನು ಕಷ್ಟಪಟ್ಟು ಕಲಿತೆ. ವರ್ಷಗಳ ಹಿಂದೆ ಒಂದು ಹಟ್ಟಿಯಲ್ಲಿ ಒಬ್ಬ ಅಜ್ಜಿಯನ್ನು ಜಗಲಿ ಮೇಲೆ ಕೂರಿಸಿ, ಯಂತ್ರ ಮುಂದಿಟ್ಟು, ಹಾಡಿ ಅಂದೆ. ಎಂಟು ಪದ ಹಾಡಿದರು. ‘ಅಷ್ಟೇ ಕಣಪ್ಪ, ಎಲ್ಲಾ ಮರ್ತೋಯ್ತು’ ಅಂದರು. ನಾನು ಎದ್ದು ಬರುವವನಿದ್ದೆ. ಆ ಮನೆಯ ಸೊಸೆ ‘ಕಲ್ಲಿಲ್ದೆ ಹೆಂಗೆ ಹಾಡ್ತಾರೆ?’ ಅಂತ ಹಿತ್ತಲಲ್ಲಿ ಬಿದ್ದಿದ್ದ ಬೀಸುಕಲ್ಲನ್ನು ಉರುಳಿಸಿಕೊಂಡು ಬಂದರು, ತೊಳೆದರು, ಒಂದು ಸೇರು ರಾಗಿ ತಂದಿಟ್ಟರು. ಅಜ್ಜಿ ಒಂದು ಕಾಲು ಚಾಚಿ, ಇನ್ನೊಂದು ಮಡಿಸಿ ಕೂತರು. ಎರಡು ಸುತ್ತು ಸುಮ್ನೆ ತಿರುಗಿಸಿದರು. ಮೂರನೇ ಸುತ್ತಿಗೆ ದನಿ ತಾನಾಗಿ ಬಂತು. ಆ ಮಧ್ಯಾಹ್ನ ಐವತ್ತಕ್ಕೂ ಜಾಸ್ತಿ ಪದ ಬಂದವು. ಜಗಲಿಯ ಮೇಲೆ ಅವರು ಮರೆತಿರಲಿಲ್ಲ. ನೆನಪು ಕೈಯಲ್ಲಿತ್ತು, ನಾನು ಬಾಯಿಗೆ ಕೇಳಿದ್ದೆ.

ಕಲ್ಲಿನ ಮುಂದೆ ರೆಕಾರ್ಡ್ ಮಾಡುವಾಗ ಫೋನನ್ನು ನೆಲದ ಮೇಲೆ ಇಡಬೇಡಿ. ಕಲ್ಲಿನ ಗುಡುಗು ನೆಲದಿಂದಲೇ ಏರಿ ಮಾತನ್ನು ಮುಚ್ಚಿಬಿಡುತ್ತದೆ. ಮಡಿಸಿದ ಕಂಬಳಿಯ ಮೇಲೆ, ಇಲ್ಲವೇ ಒಂದು ಸ್ಟೂಲಿನ ಮೇಲೆ, ಅವರ ಬಾಯಿಂದ ಒಂದು ಮೊಳ ದೂರದಲ್ಲಿ ಇಡಿ. ಆಮೇಲೆ ಯಾವ ಆ್ಯಪ್‌ನಿಂದಲೂ ಕಲ್ಲಿನ ಸದ್ದನ್ನು ತೆಗೆಯಬೇಡಿ. ಒಂದು ಸಾಲಿಗೆ ಎಷ್ಟು ಸುತ್ತು, ಹಿಡಿ ಕಾಳು ಹಾಕಿದ್ದು ಯಾವ ತುಂಡಿನ ಹತ್ತಿರ ಅಂತ ಆ ಸದ್ದಿನಿಂದಲೇ ಗೊತ್ತಾಗುವುದು. ಇದಕ್ಕೆ ಎಲ್ಲರಿಗೂ ಒಂದೇ ಲೆಕ್ಕ ಇಲ್ಲ. ಹಿಟ್ಟು ನುಣ್ಣಗೆ ಬೇಕಾ, ತರಿ ಬೇಕಾ, ಕಲ್ಲು ಹೊಸದಾಗಿ ಕುಟ್ಟಿಸಿದ್ದಾ, ಸವೆದದ್ದಾ, ಎಲ್ಲದರ ಮೇಲೆ ಬದಲಾಗುತ್ತದೆ. ನಡುವೆ ನಿಲ್ಲಿಸಿ ಅರ್ಥ ಕೇಳಬೇಡಿ. ಒಂದು ಸಲ ನಿಲ್ಲಿಸಿದರೆ ಅವರು ನಿಮಗೆ ಅರ್ಥ ಆಗುವ ಹಾಗೆ ‘ಸರಿಯಾಗಿ’ ಹಾಡಲು ಶುರು ಮಾಡುತ್ತಾರೆ. ಅನುಮಾನ ಬಂದ ಕಡೆ ನಿಮಿಷ ಗುರುತು ಹಾಕಿಕೊಂಡು, ಮಾರನೆಯ ದಿನ ಅದೇ ತುಣುಕನ್ನು ಕೇಳಿಸಿ ಕೇಳಿ.

ಬರೆಯುವಾಗ ಬಂದ ಕ್ರಮದಲ್ಲೇ ಬರೆಯಿರಿ. ಇದು ಎಲ್ಲಕ್ಕಿಂತ ಮುಖ್ಯ. ಹಳೆಯ ಸಂಕಲನಗಳಲ್ಲಿ ಪದಗಳನ್ನು ದೇವರು, ತವರು, ಅಣ್ಣ ತಂಗಿ, ಕೂಸು, ಗಂಡ ಅಂತ ವಿಷಯಕ್ಕೆ ತಕ್ಕಂತೆ ಜೋಡಿಸಿರುತ್ತಾರೆ. ಓದಲು ಚೆನ್ನ. ಆದರೆ ಒಂದು ಪದದ ಪಕ್ಕ ಇನ್ನೊಂದು ಯಾಕೆ ಬಂತು ಅನ್ನೋದು ಅಳಿಸಿಹೋಗುತ್ತದೆ. ಆ ಹಟ್ಟಿಯ ಅಜ್ಜಿ ಕಲ್ಲಿಗೆ ಕೈಮುಗಿದು ಶುರು ಮಾಡಿದರು. ಆಮೇಲೆ ಭೂಮಿತಾಯಿ, ಮನೆದೇವರು. ಹಿಂದೆಯೇ ‘ತವರೂರ ಹಾದೀಲಿ ಕಲ್ಲಿಲ್ಲ ಮುಳ್ಳಿಲ್ಲ, ಸಾಸಿವೆಯಷ್ಟು ಮರಳಿಲ್ಲ’ ಅನ್ನೋ ಪದ. ಕೈಯಲ್ಲಿ ತಿರುಗುತ್ತಿರುವುದು ಕಲ್ಲು, ಹಾಡಿನಲ್ಲಿ ತವರಿನ ಹಾದಿಯಲ್ಲಿ ಕಲ್ಲಿಲ್ಲ. ಇದಾದ ಮೇಲೆ ಬರಬೇಕಾಗಿದ್ದು ಅಣ್ಣನ ಪದ. ಬಂತು. ಅಣ್ಣನ ಬೆನ್ನಿಗೆ ಅತ್ತಿಗೆ ಬಂದಳು, ಅತ್ತಿಗೆಯ ಮುನಿಸು ಬಂತು. ಅಲ್ಲಿ ದನಿ ಇಳಿಯಿತು. ಒಳಗಿನಿಂದ ಯಾರೋ ಕೆಮ್ಮಿದರು. ಅಜ್ಜಿ ಮತ್ತೆ ದೇವರ ಪದಕ್ಕೆ ಹೋದರು. ವಿಷಯವಾರು ಜೋಡಿಸಿದರೆ ಈ ಹೋಗಿ ಬಂದ ದಾರಿಯಲ್ಲಿ ಒಂದು ಹೆಜ್ಜೆಯೂ ಉಳಿಯುವುದಿಲ್ಲ. ಬೀಸುವ ಪದ ಹಾಡುತ್ತಿದ್ದದ್ದು ಅತ್ತೆಮನೆಯಲ್ಲಿ, ಉಳಿದವರು ಮಲಗಿರುವಾಗ ಅನ್ನೋದನ್ನ ಮರೆಯಬೇಡಿ. ಯಾರಿಗೆ ಕೇಳಿಸಲಿ, ಯಾರಿಗೆ ಬೇಡ ಅನ್ನೋ ಲೆಕ್ಕ ಪ್ರತಿ ಪದದಲ್ಲೂ ಇರುತ್ತದೆ.

ಹಾಡಿದವರ ಹೆಸರನ್ನೂ ಬರೆಯಿರಿ. ಎಷ್ಟೋ ಸಂಕಲನಗಳಲ್ಲಿ ಯಾವ ಪದ ಯಾರದು ಅಂತ ಗೊತ್ತಾಗದೆ ಎಲ್ಲ ‘ಗರತಿ’ಯ ಪದ ಆಗಿಬಿಟ್ಟಿವೆ. ಆಮೇಲಿನ ಸಂಗ್ರಹಕಾರರು ಇದನ್ನು ಬದಲಾಯಿಸಿದರು. ಚಳ್ಳಕೆರೆ ಸೀಮೆಯ ಗೊಲ್ಲರಹಟ್ಟಿಯ ಸಿರಿಯಜ್ಜಿ ಹಾಡಿದ್ದನ್ನು ಕೃಷ್ಣಮೂರ್ತಿ ಹನೂರು ಅವರು ಆಕೆಯ ಹೆಸರಿನ ಜೊತೆಗೇ ಮುಂದಿಟ್ಟರು. ಒಬ್ಬ ಹೆಂಗಸಿನ ನೆನಪಿನಲ್ಲಿ ಎಷ್ಟು ಹಾಡು ಇರಬಹುದು ಅಂತ ಆಗ ನಾಡಿಗೆ ಗೊತ್ತಾಯಿತು. ಗಡಿಯಾಚೆ ಮರಾಠಿಯಲ್ಲಿ ಹೇಮಾ ರಾಯರ್‌ಕರ್ ಮತ್ತು ಗೀ ಪ್ವಾತ್ವಾಂ ಅವರ ಬಳಗ ಒಂದು ಲಕ್ಷಕ್ಕೂ ಹೆಚ್ಚು ಬೀಸುವ ಓವಿ ಸೇರಿಸಿದೆ, ಹಾಡಿದವರ ಹೆಸರು ಊರು ಸಮೇತ. ಕನ್ನಡದಲ್ಲಿ ಒಂದೇ ಊರಿನ ಪದಗಳನ್ನು ಆ ಮಟ್ಟದಲ್ಲಿ ಹೋಲಿಸಲು ಬೇಕಾದಷ್ಟು ಸಾಮಗ್ರಿ ಇನ್ನೂ ಒಂದು ಕಡೆ ಸೇರಿಲ್ಲ. ಇದು ನನಗೆ ಬೇಸರದ ವಿಷಯ.

ಅಜ್ಜಿಯ ಪದಗಳಲ್ಲಿ ಕೆಲವು ಕಲ್ಲಿನಿಂದ ಬಂದವಲ್ಲದೆ ರೇಡಿಯೋ ಅಥವಾ ಕ್ಯಾಸೆಟ್ಟಿನಿಂದ ಬಂದಿರಬಹುದು. ಅದನ್ನು ಗುರುತಿಸುವುದು ಕಷ್ಟ ಅಲ್ಲ. ಅಂಥ ಪದದಲ್ಲಿ ಎರಡನೇ ಸಾಲು ಮರುಕಳಿಸುವುದಿಲ್ಲ, ಇಲ್ಲವೇ ಎಲ್ಲ ಸಾಲೂ ಎರಡೆರಡು ಸಲ ಬರುತ್ತದೆ. ರಾಗ ಉಳಿದ ಪದಗಳಿಗಿಂತ ಬೇರೆ ಇರುತ್ತದೆ. ಮಾತು ನಿಮ್ಮ ಊರಿನದಾಗಿರುವುದಿಲ್ಲ. ಶಿರಾ ಕಡೆಯ ಅಜ್ಜಿ ‘ಯಾತಕ’, ‘ಸುಳಿದಾವ’ ಅಂತ ಉತ್ತರದ ಮಾತಿನಲ್ಲಿ ಹಾಡಿದರೆ ‘ಇದನ್ನ ಯಾರ ಬಾಯಿಂದ ಕಲಿತ್ರಿ?’ ಅಂತ ಕೇಳಿ. ರೇಡಿಯೋದಿಂದ ಅಂದರೂ ಪದವನ್ನು ಬಿಡಬೇಡಿ. ಪಕ್ಕದಲ್ಲಿ ಹಾಗಂತ ಬರೆಯಿರಿ.

ಕೊನೆಯದಾಗಿ, ರೆಕಾರ್ಡಿಂಗನ್ನು ಯೂಟ್ಯೂಬಿಗೆ ಹಾಕುವ ಮುಂಚೆ ಅಜ್ಜಿಗೆ ಪೂರ್ತಿ ಕೇಳಿಸಿ. ತ್ರಿಪದಿಯಲ್ಲಿ ಹೆಸರು ಕೂರಿಸುವ ಜಾಗ ಇರುತ್ತದೆ. ಹಾಡುವವರು ಅಲ್ಲಿ ತಮ್ಮ ಅಣ್ಣನ ಹೆಸರು, ನಾದಿನಿಯ ಹೆಸರು ಹಾಕಿಬಿಡುತ್ತಾರೆ. ಹೊಗಳಿದ್ದಕ್ಕೆ ತೊಂದರೆ ಇಲ್ಲ, ಬೈದದ್ದಕ್ಕೆ ಇದೆ. ನಾನು ಒಮ್ಮೆ ಒಂದು ಮನೆಯಲ್ಲಿ ಖುಷಿಯಿಂದ ಎಲ್ಲರ ಮುಂದೆ ರೆಕಾರ್ಡಿಂಗ್ ಹಾಕಿದೆ. ನಾದಿನಿಯ ಮೇಲಿನ ಪದ ಬಂದಾಗ ಆ ನಾದಿನಿ ಅಲ್ಲೇ ಕೂತಿದ್ದರು. ಹಾಡಿದ ತಾಯಿ ಮತ್ತೆ ನನಗೆ ಒಂದು ಪದವನ್ನೂ ಹಾಡಲಿಲ್ಲ. ತಪ್ಪು ಪೂರ್ತಿ ನನ್ನದು. ಯಾವುದನ್ನು ಹೊರಗೆ ಕೊಡಬಹುದು ಅಂತ ಅಜ್ಜಿಯೇ ಹೇಳಲಿ. ಬೇಡ ಅಂದ ಪದ ನಿಮ್ಮ ಹತ್ತಿರ ಇರಲಿ.

ಮುಂದಿನ ಸಲ ಊರಿಗೆ ಹೋಗುವ ಮುಂಚೆ ನಿಮ್ಮ ರೆಕಾರ್ಡಿಂಗಿನ ಕೊನೆಯ ಐದು ನಿಮಿಷ ಕೇಳಿ. ಬೀಸುವವರು ಕಲ್ಲಿಗೆ ಕೈಮುಗಿದು ಶುರು ಮಾಡುವ ಹಾಗೆ, ಬಿಡುವಾಗಲೂ ಕಲ್ಲಿಗೆ ಹೇಳಿ ಬಿಡುತ್ತಾರೆ. ರಾಗಿ ಮುಗಿಯಿತು, ಕೈ ಬಿಡುತ್ತೇನೆ, ಸಿಟ್ಟಾಗಬೇಡ, ನಾಳೆ ಮತ್ತೆ ಬರುತ್ತೇನೆ ಅನ್ನೋ ಧಾಟಿಯ ಪದ ಅದು. ನಿಮ್ಮ 40 ನಿಮಿಷದಲ್ಲಿ ಅಂಥದ್ದು ಸಿಗಲಿಲ್ಲ ಅಂದರೆ ಅಜ್ಜಿ ಇನ್ನೂ ಮುಗಿಸಿಲ್ಲ ಅಂತ ತಿಳಿಯಿರಿ. ಕಲ್ಲು ತೊಳೆದಿಡಿ, ಒಂದು ಸೇರು ರಾಗಿ ತೆಗೆದುಕೊಂಡು ಹೋಗಿ ಪಕ್ಕದಲ್ಲಿ ಕೂತುಕೊಳ್ಳಿ.